ಗೆದ್ದ ಎತ್ತಿನ ಬಾಲ

ಗೆದ್ದ ಎತ್ತಿನ ಬಾಲವನ್ನು ಹಿಡಿಯುವವರನ್ನು ಕಂಡು ನಮ್ಮ ಹಿರಿಯರು ನಗುತ್ತಿದ್ದರು. ಗೆದ್ದದ್ದು ಎತ್ತಿನ ಕಾಲ ಬಲದಿಂದಲೋ, ಹೊಡೆದವನ ಜಾಣತನದಿಂದಲೋ ಅಥವಾ ಎದುರಾಳಿಯ ಎತ್ತು ಅಂದು ಕುಂಟಿದ್ದರಿಂದಲೋ ಎಂದು ಕೇಳುವ ವ್ಯವಧಾನ ಬಾಲ ಹಿಡಿದವನಿಗೆ ಇರುವುದಿಲ್ಲ. ಇಂದು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಎಷ್ಟೋ ಮನೆಗಳ ಅಡಿಗೆಮನೆಯ ಕಟ್ಟೆಯ ಮೇಲೆ ಸಾಂಬಾರ ಡಬ್ಬಿಯ ಪಕ್ಕದಲ್ಲಿಯೇ ಮೊಬೈಲು ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡೂ ಸ್ಥಾನ ಪಡೆದಿದೆ. ಅಡಿಗೆ, ಪಾಠ, ಪುರಾಣಕಥೆ, ಕಸೂತಿ, ಕೈತೋಟ ಹೀಗೆ ಒಂದಲ್ಲ ಒಂದು ವಿಷಯವಾಗಿ ವೀಡಿಯೊ ತೆಗೆದು ಯೂಟ್ಯೂಬಿಗೆ ಏರಿಸುವ ಈ ಮನೆಗಳಲ್ಲಿ ಗೆದ್ದ ಎತ್ತಿನ ಬಾಲಕ್ಕೆ ಹೊಸದೊಂದು ರೂಪ ಬಂದಿದೆ. ನಮ್ಮ ವೀಡಿಯೊಗಳಲ್ಲಿ ಅತಿ ಹೆಚ್ಚು ಜನ ನೋಡಿದ ಐದನ್ನು ಆರಿಸು, ಅವುಗಳಲ್ಲಿ ಸಮಾನವಾಗಿರುವುದನ್ನು ಹುಡುಕು, ಇನ್ನು ಮುಂದೆ ಎಲ್ಲವನ್ನೂ ಅದೇ ಅಚ್ಚಿನಲ್ಲಿ ತೆಗೆ ಎಂಬುದೇ ಆ ರೂಪ.

ಕೇಳಲು ಇದಕ್ಕಿಂತ ನ್ಯಾಯವಾದ ಉಪಾಯ ಇನ್ನಿಲ್ಲವೆನಿಸುತ್ತದೆ. ಆದರೆ ಇದರೊಳಗೆ ಎರಡು ಗುಂಡಿಗಳಿವೆ. ಅವುಗಳ ಆಳವನ್ನು ಅಳೆಯಲು ಒಂದು ಕಲ್ಪಿತ ಸಂಸಾರವನ್ನೂ ಕೆಲವು ಕಲ್ಪಿತ ಅಂಕಿಗಳನ್ನೂ ಇಟ್ಟುಕೊಂಡರೆ ಸುಲಭವಾಗುತ್ತದೆ.

ಬನಶಂಕರಿಯ ಒಂದು ಮನೆ

ಬನಶಂಕರಿ ಎರಡನೆಯ ಹಂತದ ಒಂದು ಮನೆಯಲ್ಲಿ ಅತ್ತೆ ಅಡಿಗೆ ಮಾಡುತ್ತಾರೆ. ಸೊಸೆ ಅದನ್ನು ಚಿತ್ರಿಸಿ, ಕತ್ತರಿಸಿ, ಜೋಡಿಸುತ್ತಾಳೆ ಎಂದಿಟ್ಟುಕೊಳ್ಳೋಣ. ವಾರಕ್ಕೊಂದರಂತೆ ಈವರೆಗೆ 60 ವೀಡಿಯೊಗಳಾಗಿವೆ. ಹಳೆಯ ವೀಡಿಯೊಗಳಿಗೆ ಜನರನ್ನು ಸೇರಿಸಿಕೊಳ್ಳಲು ಹೆಚ್ಚು ಕಾಲ ದೊರೆತಿರುತ್ತದೆಯಾದ್ದರಿಂದ ಸೊಸೆ ಜಾಣತನದಿಂದ ಪ್ರತಿಯೊಂದಕ್ಕೂ ಮೊದಲ 28 ದಿನಗಳ ವೀಕ್ಷಣೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದಾಳೆ. ಮೊದಲ ಐದು ಸ್ಥಾನಗಳು ಹೀಗಿವೆ: 84,000, 41,000, 26,000, 19,000, 15,000. ಮಿಕ್ಕವು ಸಾವಿರ, ಎರಡು ಸಾವಿರದ ಆಸುಪಾಸಿನಲ್ಲಿವೆ.

ಆ ಐದನ್ನೂ ಅವಳು ಮತ್ತೆ ಮತ್ತೆ ನೋಡುತ್ತಾಳೆ. ಐದರಲ್ಲಿ ನಾಲ್ಕರಲ್ಲಿ ಅತ್ತೆಯ ಮುಖ ಕಾಣುವುದಿಲ್ಲ, ಕೈಗಳು ಮಾತ್ರ ಕಾಣುತ್ತವೆ. ಐದರಲ್ಲಿ ಮೂರಕ್ಕೆ ‘5 ನಿಮಿಷದಲ್ಲಿ’, ‘3 ಗುಟ್ಟು’ ಎಂಬಂತೆ ಅಂಕಿಯುಳ್ಳ ಶೀರ್ಷಿಕೆ ಇದೆ. ಗುಟ್ಟು ಸಿಕ್ಕಿತೆಂದು ಅವಳಿಗೆ ಸಂಭ್ರಮ. ಇನ್ನು ಮುಂದೆ ಕೈಗಳು ಮಾತ್ರ, ಶೀರ್ಷಿಕೆಯಲ್ಲಿ ಅಂಕಿ ಕಡ್ಡಾಯ. ಮೇಲಿನಿಂದ ಕೈಗಳನ್ನು ಹಿಡಿಯಬಲ್ಲ ಕ್ಯಾಮೆರಾ, ದೀಪ ಮೊದಲಾದವುಗಳಿಗೆ ಸುಮಾರು ಒಂದು ಲಕ್ಷ ರೂಪಾಯಿ ಬೇಕು; ಅದು ಉಳಿತಾಯದಿಂದ ಬರಬೇಕು. ವಾರಕ್ಕೆ ಮೂರು ವೀಡಿಯೊ ಮಾಡಲು ಇರುವ ಕೆಲಸವನ್ನೂ ಬಿಡುವುದೊಳಿತೆಂಬ ಯೋಚನೆ ಅವಳಿಗೆ ಬಂದಿದೆ.

“ಅತ್ತೆ, ಈ ಐದನ್ನು ನೋಡಿ. ನಮ್ಮ ದಾರಿ ಯಾವುದೆಂದು ಸ್ಪಷ್ಟವಾಗಿಯೇ ಇದೆಯಲ್ಲ?” ಎನ್ನುತ್ತಾಳೆ.

ಹುರುಳಿಕಾಯಿಯ ನಾರು ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಿ, “ಐದು ಸರಿಯಮ್ಮ. ಮಿಕ್ಕ ಐವತ್ತೈದರಲ್ಲಿ ಏನಿತ್ತು?” ಎನ್ನುತ್ತಾರೆ.

ಅಂಕಿಅಂಶ ಶಾಸ್ತ್ರವನ್ನು ಓದಿದವರು ಕೇಳುವ ಮೊದಲ ಪ್ರಶ್ನೆಯೂ ಇದೇ.

ಮರಳಿದ ವಿಮಾನಗಳು, ಮರಳದ ವಿಮಾನಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಪ್ರಶ್ನೆಗೆ ಗಣಿತದ ರೂಪವನ್ನು ಕೊಟ್ಟವರು ಅಬ್ರಹಾಂ ವಾಲ್ಡ್. 1902ರಲ್ಲಿ ಅಂದಿನ ಆಸ್ಟ್ರಿಯಾ-ಹಂಗೆರಿಯಲ್ಲಿ ಹುಟ್ಟಿದ ಈ ವಿದ್ವಾಂಸರು 1938ರಲ್ಲಿ ಅಮೆರಿಕೆಗೆ ವಲಸೆ ಹೋಗಿ, ಯುದ್ಧಕಾಲದಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಅಂಕಿಅಂಶ ಸಂಶೋಧನ ತಂಡದಲ್ಲಿ ದುಡಿದರು. ಹೋರಾಟದಿಂದ ಮರಳಿ ಬಂದ ವಿಮಾನಗಳ ಮೈಮೇಲೆ ಗುಂಡಿನ ತೂತುಗಳಿರುತ್ತಿದ್ದವು. ಯಾವ ಭಾಗಕ್ಕೆ ಬಿದ್ದ ಪೆಟ್ಟು ವಿಮಾನಕ್ಕೆ ಹೆಚ್ಚು ಮಾರಕವೆಂದು ಆ ತೂತುಗಳಿಂದ ಊಹಿಸುವುದು ಹೇಗೆ? ತೂತು ಹೆಚ್ಚಾಗಿರುವೆಡೆಗೆ ಕವಚ ತೊಡಿಸಬೇಕೆಂದು ಸಾಮಾನ್ಯ ಬುದ್ಧಿಗೆ ತೋರುತ್ತದೆ. ಆದರೆ ಕಣ್ಣೆದುರಿಗಿರುವವು ಮರಳಿ ಬಂದ ವಿಮಾನಗಳು ಮಾತ್ರ. ಅವುಗಳಲ್ಲಿ ತೂತು ಹೆಚ್ಚಾಗಿರುವ ಭಾಗವೆಂದರೆ, ಪೆಟ್ಟು ತಿಂದರೂ ವಿಮಾನವನ್ನು ಬೀಳಿಸದ ಭಾಗ. ಯಾವ ಭಾಗದಲ್ಲಿ ತೂತು ಅಪರೂಪವೋ ಅಲ್ಲಿ ಪೆಟ್ಟು ತಿಂದವು ಮರಳಿ ಬರಲೇ ಇಲ್ಲ. ಬಾರದ ವಿಮಾನಗಳನ್ನೂ ಲೆಕ್ಕದೊಳಕ್ಕೆ ತರುವ ವಿಧಾನವನ್ನು ವಾಲ್ಡ್ ರೂಪಿಸಿದರು.

ಈ ಪಂಡಿತರ ಬಾಳು ಮುಗಿದದ್ದು ನಮ್ಮ ನಾಡಿನ ಗಡಿಗೆ ತಾಗಿದ ನೀಲಗಿರಿಯಲ್ಲಿ. ಭಾರತ ಸರ್ಕಾರದ ಆಹ್ವಾನದ ಮೇರೆಗೆ ಉಪನ್ಯಾಸ ಪ್ರವಾಸದಲ್ಲಿದ್ದಾಗ, 1950ರ ಡಿಸೆಂಬರ್ 13ರಂದು, ಅವರೂ ಅವರ ಪತ್ನಿಯೂ ಪಯಣಿಸುತ್ತಿದ್ದ ವಿಮಾನ ಆ ಬೆಟ್ಟಗಳಿಗೆ ಅಪ್ಪಳಿಸಿತು. ಮರಳದ ವಿಮಾನಗಳ ಲೆಕ್ಕ ಬರೆದಾತ ತಾವೇ ಮರಳದ ವಿಮಾನವೊಂದರಲ್ಲಿದ್ದುದು ವಿಧಿಯ ಕ್ರೂರ ವಿನೋದವೆನ್ನಬೇಕು.

ಸೊಸೆಯ ಐದು ವೀಡಿಯೊಗಳು ಮರಳಿ ಬಂದ ವಿಮಾನಗಳು. ಅತ್ತೆ ಕೇಳಿದ್ದು ಮರಳದವುಗಳನ್ನು. ಒಂದು ಸಮಾಧಾನವೆಂದರೆ, ವಾಲ್ಡರಿಗೆ ಬಿದ್ದ ವಿಮಾನಗಳು ಕಾಣುತ್ತಿರಲಿಲ್ಲ. ಸೊಸೆಗೆ ತನ್ನ ಸೋತ 55 ವೀಡಿಯೊಗಳೂ ಕಾಣುತ್ತವೆ. ನೋಡಬೇಕು, ಅಷ್ಟೇ.

ಚೀಟಿಯ ಡಬ್ಬಿ

ಆಕೆ 60ನ್ನೂ ಒಂದು ಪಟ್ಟಿಯಾಗಿ ಬರೆಯುತ್ತಾಳೆ. ‘ಕೈ ಮಾತ್ರ’ ಕಾಣುವ ವೀಡಿಯೊಗಳು ಒಟ್ಟು ಎಷ್ಟು? 45! ಎಂದರೆ ನೂರಕ್ಕೆ 75. ಗೆದ್ದ ಐದರಲ್ಲಿ ಅಂಥವು ನಾಲ್ಕು, ನೂರಕ್ಕೆ 80. ಕೊನೆಯ ಐದು ಸ್ಥಾನಗಳನ್ನು ನೋಡಿದರೆ ಅಲ್ಲಿಯೂ ನಾಲ್ಕು! ಗೆದ್ದವರ ಲಕ್ಷಣವೆಂದು ಅವಳು ತಿಳಿದದ್ದು ಇಡೀ ಮನೆಯ ಲಕ್ಷಣವಾಗಿತ್ತು.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. 60 ಚೀಟಿಗಳನ್ನು ಮಾಡಿ, 45ರ ಮೇಲೆ ‘ಕೈ’ ಎಂದು ಬರೆದು, ಡಬ್ಬಿಯಲ್ಲಿ ಹಾಕಿ ಕುಲುಕಿ, ಕಣ್ಣು ಮುಚ್ಚಿ ಐದನ್ನು ಎತ್ತಿದರೆ, ಅವುಗಳಲ್ಲಿ ನಾಲ್ಕಾಗಲಿ ಐದಾಗಲಿ ‘ಕೈ’ ಚೀಟಿ ಬರುವ ಸಂಭವ ನೂರಕ್ಕೆ 63ರಷ್ಟು. ಯಾವ ಗುಣವೂ ಇಲ್ಲದ ಕುರುಡು ಆಯ್ಕೆಯಲ್ಲಿಯೇ ಮೂರು ಸಲದಲ್ಲಿ ಸುಮಾರು ಎರಡು ಸಲ ಬರುವ ಫಲಕ್ಕಾಗಿ ಲಕ್ಷ ರೂಪಾಯಿಯ ಕ್ಯಾಮೆರಾ ಕೊಳ್ಳುವುದು ಉಚಿತವೆ?

ಇನ್ನು ಅಂಕಿಯ ಶೀರ್ಷಿಕೆ. ಇದು ಅಷ್ಟು ಸುಲಭವಾಗಿ ಸೋಲುವ ಸಾಕ್ಷಿಯಲ್ಲ. 60ರಲ್ಲಿ ಅಂಕಿಯುಳ್ಳವು 12 ಮಾತ್ರ, ಐದಕ್ಕೊಂದರಂತೆ. ಹಾಗಿರುವಾಗ ಗೆದ್ದ ಐದರಲ್ಲಿ ಒಂದಿರಬೇಕಾದೆಡೆ ಮೂರಿವೆ. ಡಬ್ಬಿಯಿಂದ ಕುರುಡಾಗಿ ಎತ್ತಿದರೆ ಮೂರಾಗಲಿ ಹೆಚ್ಚಾಗಲಿ ಬರುವ ಸಂಭವ ನೂರಕ್ಕೆ 5 ಮಾತ್ರ, ಎಂದರೆ ಇಪ್ಪತ್ತಕ್ಕೊಂದು. ಇಲ್ಲಿ ಏನೋ ಇದೆಯೆಂದು ಯಾರಿಗಾದರೂ ಅನಿಸಬೇಕು.

ಆದರೆ ಎರಡನೆಯ ಗುಂಡಿ ಇರುವುದು ಇಲ್ಲಿಯೇ. ಐದು ವೀಡಿಯೊಗಳನ್ನು ನೋಡುವಾಗ ಸೊಸೆ ಏನೇನನ್ನು ಹುಡುಕಿದಳು? ಮುಖ ಉಂಟೋ ಇಲ್ಲವೋ, ಶೀರ್ಷಿಕೆಯಲ್ಲಿ ಅಂಕಿ ಉಂಟೋ ಇಲ್ಲವೋ, ಏರಿಸಿದ್ದು ಬೆಳಿಗ್ಗೆಯೋ ಸಂಜೆಯೋ, ಯಾವ ವಾರ, ಎಷ್ಟು ನಿಮಿಷ, ಹಿನ್ನೆಲೆಯಲ್ಲಿ ಸಂಗೀತವೋ ಮಾತೋ, ಮುಖಚಿತ್ರದ ಬಣ್ಣ ಯಾವುದು, ಪಾತ್ರೆ ಹಿತ್ತಾಳೆಯದೋ ಉಕ್ಕಿನದೋ! ಹೀಗೆ ಇಪ್ಪತ್ತು ಲಕ್ಷಣಗಳನ್ನಾದರೂ ಅವಳ ಕಣ್ಣು ತಡಕಿರಬೇಕು. ಇಪ್ಪತ್ತಕ್ಕೊಮ್ಮೆ ಬರುವ ಕಾಕತಾಳೀಯವನ್ನು ಇಪ್ಪತ್ತೆಡೆ ಹುಡುಕಿದರೆ ಒಂದೆಡೆಯಾದರೂ ಸಿಕ್ಕುವುದು ಆಶ್ಚರ್ಯವಲ್ಲ. ಆ ಲಕ್ಷಣಗಳು ಒಂದಕ್ಕೊಂದು ಸಂಬಂಧವಿಲ್ಲದವಾಗಿದ್ದರೆ ಹಾಗೆ ಸಿಕ್ಕುವ ಸಂಭವ ನೂರಕ್ಕೆ 64. ಸಿಕ್ಕದ ಹತ್ತೊಂಬತ್ತು ಲಕ್ಷಣಗಳು ಮನಸ್ಸಿನಿಂದ ಜಾರಿಹೋಗುತ್ತವೆ. ಸಿಕ್ಕಿದ ಒಂದು ಗುಟ್ಟೆಂಬ ಹೆಸರು ಪಡೆಯುತ್ತದೆ. ತಾಳೆಯ ಮರದ ಮೇಲೆ ಕಾಗೆ ಕುಳಿತ ದಿನ ಹಣ್ಣು ಬಿದ್ದದ್ದು ನೆನಪಿರುತ್ತದೆ. ಬೀಳದ ದಿನಗಳನ್ನು ಯಾರು ಬರೆದಿಟ್ಟರು?

ಸರಾಸರಿಯ ಮೋಸ

ಅಂಕಿಯ ಶೀರ್ಷಿಕೆಯ ಹನ್ನೆರಡನ್ನೂ ಬಿಡಿಸಿಟ್ಟು ನೋಡಿದರೆ ಸತ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಗೆದ್ದ ಮೂರು 84,000, 26,000, 15,000. ಮಿಕ್ಕ ಒಂಬತ್ತು ಹೀಗಿವೆ: 2,600, 2,300, 2,000, 1,800, 1,400, 1,200, 1,000, 800, 400. ಇಡೀ 60ರಲ್ಲಿ ಎಲ್ಲಕ್ಕಿಂತ ಕಡಮೆ, ಎಂದರೆ 400 ಕಂಡದ್ದೂ ಅಂಕಿಯ ಶೀರ್ಷಿಕೆಯದೇ ಎಂಬುದು ಗಮನಾರ್ಹ.

ಈ ಹನ್ನೆರಡರ ಸರಾಸರಿ ಸುಮಾರು 11,500. ಅಂಕಿಯಿಲ್ಲದ 48ರ ಸರಾಸರಿ ಸುಮಾರು 2,900. ನಾಲ್ಕು ಪಟ್ಟು! ಆದರೆ ಹನ್ನೆರಡನ್ನೂ ಏರಿಳಿತದ ಸಾಲಿನಲ್ಲಿ ನಿಲ್ಲಿಸಿ ನಡುವಿನ ಬೆಲೆಯನ್ನು, ಎಂದರೆ ಶಾಲೆಯ ಪುಸ್ತಕಗಳಲ್ಲಿ ಮಧ್ಯಾಂಕವೆಂದು ಕರೆಯುವುದನ್ನು, ನೋಡಿದರೆ 1,900 ಬರುತ್ತದೆ. ಉಳಿದ 48ರ ಮಧ್ಯಾಂಕ 1,750 ಎಂದಿಟ್ಟುಕೊಂಡರೆ, ನಾಲ್ಕು ಪಟ್ಟಿನ ಅಂತರ ಕರಗಿ ಏನೂ ಇಲ್ಲವೆಂಬಷ್ಟಾಯಿತು. ಸರಾಸರಿಯನ್ನು ಎತ್ತಿ ನಿಲ್ಲಿಸಿದ್ದುದು 84,000ದ ಆ ಒಂದೇ ವೀಡಿಯೊ. ಅದೊಂದನ್ನು ತೆಗೆದರೆ ಹನ್ನೊಂದರ ಸರಾಸರಿ 5,000ಕ್ಕಿಂತ ಕೆಳಗಿಳಿಯುತ್ತದೆ. ಓಣಿಯಲ್ಲಿ ಒಬ್ಬ ಕೋಟ್ಯಧಿಪತಿ ಮನೆ ಕೊಂಡರೆ ಓಣಿಯ ಸರಾಸರಿ ಆದಾಯ ಏರುತ್ತದೆ; ಪಕ್ಕದ ಮನೆಯವರ ಪಡಿತರ ಚೀಟಿ ಮಾತ್ರ ಬದಲಾಗುವುದಿಲ್ಲ. ವೀಕ್ಷಣೆಯ ಸಂಖ್ಯೆಗಳ ಸ್ವಭಾವವೂ ಅಂಥದೇ. ಬಹುತೇಕ ಸಾಮಾನ್ಯ, ಎಲ್ಲೋ ಒಂದೆರಡು ಪರ್ವತ.

ಅಂಕಿಯ ಶೀರ್ಷಿಕೆ ಸಾಮಾನ್ಯ ವಾರಗಳಲ್ಲಿ ಏನೂ ಮಾಡದಿದ್ದರೂ ಅಪರೂಪಕ್ಕೆ ಪರ್ವತವನ್ನು ತರಬಹುದಲ್ಲವೆ ಎಂದು ಕೇಳಬಹುದು. ತರಬಹುದು; ಆದರೆ ಅದನ್ನು ಹೇಳಲು ಇರುವ ಆಧಾರ ಮೂರೇ ವೀಡಿಯೊ. ಅಪರೂಪದ ಸಂಗತಿಯ ಬಗ್ಗೆ ತೀರ್ಮಾನಿಸಲು ಸಾಮಾನ್ಯ ಸಂಗತಿಗಿಂತ ಹೆಚ್ಚು ಸಾಕ್ಷ್ಯ ಬೇಕೇ ಹೊರತು ಕಡಮೆಯಲ್ಲ.

ಆ 84,000 ಎಲ್ಲಿಂದ ಬಂತು? ಅದು ಹಿತಕಿದವರೆ ಬೇಳೆಯ ಹುಳಿಯ ವೀಡಿಯೊ, ಏರಿಸಿದ್ದು ಜನವರಿಯ ಮೊದಲ ವಾರ. ಅವರೆಯ ಸೊಗಡು ಬೆಂಗಳೂರಿನ ಮಾರುಕಟ್ಟೆಗಳನ್ನೆಲ್ಲ ತುಂಬಿದ ಕಾಲ. ಊರಿನ ಅರ್ಧ ಅಡಿಗೆಮನೆಗಳು ಅದನ್ನೇ ಹುಡುಕುತ್ತಿದ್ದವು. ನೋಡುಗರು ಯಾವ ದಾರಿಯಿಂದ ಬಂದರೆಂಬುದನ್ನು ಯೂಟ್ಯೂಬ್ ಸ್ಟುಡಿಯೋ ವಿಂಗಡಿಸಿ ತೋರಿಸುತ್ತದೆ. ಬಹುಪಾಲು ಜನ ಹುಡುಕಾಟದ ಮೂಲಕವೇ ಬಂದಿದ್ದರೆ, ಅವರನ್ನು ಕರೆತಂದದ್ದು ಋತುವೂ ಅವರೆಕಾಯಿಯೂ ಹೊರತು ಶೀರ್ಷಿಕೆಯ ‘5’ ಅಲ್ಲ. ಅದೇ ಅಚ್ಚಿನಲ್ಲಿ ಜೂನ್ ತಿಂಗಳಲ್ಲಿ ಕುಂಬಳಕಾಯಿಯ ಪಲ್ಯ ಮಾಡಿ 84,000ವನ್ನು ನಿರೀಕ್ಷಿಸುವುದು ವ್ಯರ್ಥ.

ಅದೃಷ್ಟದ ಪಾಲು

ಋತು, ಶೀರ್ಷಿಕೆ, ರುಚಿ ಎಲ್ಲವನ್ನೂ ಕಳೆದ ಮೇಲೂ ಗೆಲುವಿನಲ್ಲಿ ಒಂದು ಪಾಲು ಉಳಿಯುತ್ತದೆ; ಅದಕ್ಕೆ ಅದೃಷ್ಟವೆಂದೇ ಹೆಸರಿಡಬೇಕು. 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸಾಲ್ಗನಿಕ್, ಡಾಡ್ಸ್, ವಾಟ್ಸ್ ಎಂಬ ಮೂವರು ಪ್ರಕಟಿಸಿದ ಪ್ರಯೋಗ ಇದನ್ನು ಅಳೆದು ತೋರಿಸಿತು. 14,000ಕ್ಕೂ ಹೆಚ್ಚು ಜನರಿಗೆ ಹೆಚ್ಚು ಹೆಸರಾಗದ ತಂಡಗಳ 48 ಹಾಡುಗಳನ್ನು ಕೇಳಿಸಲಾಯಿತು. ಇತರರ ಆಯ್ಕೆಯನ್ನು ನೋಡಬಲ್ಲವರನ್ನು ಎಂಟು ಬೇರೆ ಬೇರೆ ‘ಲೋಕ’ಗಳಾಗಿ ವಿಂಗಡಿಸಲಾಗಿತ್ತು, ಒಂದು ಲೋಕದವರಿಗೆ ತಮ್ಮ ಲೋಕದ ಆಯ್ಕೆಗಳು ಮಾತ್ರ ಕಾಣುತ್ತಿದ್ದವು. ಹಾಡುಗಳು ಅವೇ, ಕೇಳುಗರು ಒಂದೇ ಬಗೆಯವರು. ಆದರೂ ಒಂದು ಲೋಕದಲ್ಲಿ ಮೊದಲ ಸ್ಥಾನ ಪಡೆದ ಹಾಡೊಂದು ಇನ್ನೊಂದರಲ್ಲಿ 40ನೆಯದಾಯಿತು. ಬಹಳ ಒಳ್ಳೆಯ ಹಾಡು ತಳಕ್ಕೆ ಬೀಳುವುದು ಅಪರೂಪವಾಗಿತ್ತು, ಬಹಳ ಕೆಟ್ಟದ್ದು ಮೇಲೇರುವುದೂ ಅಪರೂಪವಾಗಿತ್ತು. ನಡುವಿನವು ಎಲ್ಲಿ ಬೇಕಾದರೂ ನಿಲ್ಲಬಹುದಾಗಿತ್ತು. ಆರಂಭದಲ್ಲಿ ಬಂದ ಕೆಲವರ ಮೆಚ್ಚುಗೆ ಮುಂದೆ ಬಂದವರನ್ನು ಎಳೆಯಿತು.

ಅದೇ 2006ರ ಡಿಸೆಂಬರಿನ ಕೊನೆಯಲ್ಲಿ ‘ಮುಂಗಾರು ಮಳೆ’ ತೆರೆಕಂಡದ್ದನ್ನು ಕನ್ನಡಿಗರು ಮರೆತಿಲ್ಲ. ಯೋಗರಾಜ ಭಟ್ಟರು ಅದಕ್ಕೆ ಮುಂಚೆ ನಿರ್ದೇಶಿಸಿದ ‘ಮಣಿ’ (2003), ‘ರಂಗ ಎಸ್ಸೆಸ್ಸೆಲ್ಸಿ’ (2004) ಆ ಮಟ್ಟದ ಜನಪ್ರಿಯತೆಯ ಹತ್ತಿರವೂ ಸುಳಿದಿರಲಿಲ್ಲ. ‘ಮುಂಗಾರು ಮಳೆ’ ಬೆಂಗಳೂರಿನ ಮಲ್ಟಿಪ್ಲೆಕ್ಸೊಂದರಲ್ಲಿ ವರ್ಷಕ್ಕೂ ಮಿಕ್ಕಿ ಓಡಿತು. ಆಮೇಲೆ ಮಳೆ, ಮಲೆನಾಡು, ಮಾತುಗಾರ ಪ್ರೇಮಿ ಎಂಬ ಮೂರು ಸಾಮಗ್ರಿಗಳೇ ಗುಟ್ಟೆಂದು ನಂಬಿದವರು ಕಡಮೆಯಿರಲಿಲ್ಲ. 2016ರಲ್ಲಿ ಅದೇ ಹೆಸರಿನ ಎರಡನೆಯ ಭಾಗವೇ ಬಂತು. ನಾಯಕ ಗಣೇಶ್ ಅವರೇ. ಆದರೂ ಮೊದಲನೆಯದರ ಸಾಧನೆಯ ಸನಿಹಕ್ಕೆ ಅದು ಬರಲಿಲ್ಲ. ಅಸಾಧಾರಣ ಗೆಲುವಿನಲ್ಲಿ ಗುಣದ ಜೊತೆಗೆ ಅದೃಷ್ಟದ ದೊಡ್ಡ ಪಾಲೂ ಕೂಡಿರುತ್ತದೆ. ಎರಡನೆಯ ಸಲ ಗುಣ ಬರುತ್ತದೆ, ಅದೃಷ್ಟ ಬರುವ ಖಾತರಿಯಿಲ್ಲ. ಆದ್ದರಿಂದ ಶಿಖರದ ಮುಂದಿನ ಹೆಜ್ಜೆ ಬಹುಮಟ್ಟಿಗೆ ಇಳಿಜಾರಿನದೇ. ಅಚ್ಚನ್ನು ನಕಲು ಮಾಡಿದಾಗ ಸಂಖ್ಯೆ ಇಳಿದರೆ ‘ಈ ಅಚ್ಚು ಹಳಸಿತು’ ಎಂದು ಬಿಡುವುದೂ, ಅತಿ ಕೆಟ್ಟ ವಾರದ ನಂತರ ಏರಿದರೆ ‘ಹೊಸ ಉಪಾಯ ಫಲಿಸಿತು’ ಎಂದು ಹಿಗ್ಗುವುದೂ ಒಂದೇ ತಪ್ಪಿನ ಎರಡು ಮುಖಗಳು.

ನಾಣ್ಯದ ತೀರ್ಪು

ಹಾಗಾದರೆ ತಿಳಿಯುವ ದಾರಿಯೇ ಇಲ್ಲವೆ? ಇದೆ, ಸ್ವಲ್ಪ ತಾಳ್ಮೆ ಬೇಕು. ಗೆದ್ದ ಐದು ವೀಡಿಯೊಗಳು ತೀರ್ಪನ್ನು ಕೊಡಲಾರವಾದರೂ ಪ್ರಶ್ನೆಯನ್ನು ಕೊಡಬಲ್ಲವು. ‘ಅಂಕಿಯ ಶೀರ್ಷಿಕೆಯಿಂದ ಹೆಚ್ಚು ಜನ ಬರುತ್ತಾರೆಯೆ?’ ಎಂಬ ಒಂದೇ ಪ್ರಶ್ನೆಯನ್ನು ಸೊಸೆ ಆರಿಸಿಕೊಳ್ಳಲಿ. ಮುಂದಿನ 20 ವೀಡಿಯೊಗಳನ್ನು ಹತ್ತು ಜೋಡಿಗಳಾಗಿ ಮಾಡಲಿ. ಒಂದು ಜೋಡಿಯ ಎರಡೂ ಅಡಿಗೆಗಳು ಒಂದೇ ಬಗೆಯವಾಗಿರಬೇಕು: ಎರಡು ಸಾರು, ಎರಡು ಪಲ್ಯ, ಎರಡು ಹಬ್ಬದ ಸಿಹಿ. ಅಕ್ಕಪಕ್ಕದ ವಾರಗಳಲ್ಲಿ, ಅದೇ ದಿನ, ಅದೇ ಹೊತ್ತಿಗೆ ಏರಿಸಬೇಕು. ಜೋಡಿಯಲ್ಲಿ ಅಂಕಿಯ ಶೀರ್ಷಿಕೆ ಯಾವುದಕ್ಕೆಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಬೇಕು. ಇದು ಹುಡುಗಾಟವಲ್ಲ; ಅವಳೇ ಆರಿಸಿದರೆ ಒಳ್ಳೆಯ ಅಡಿಗೆಗೆ ಮೆಚ್ಚಿನ ಶೀರ್ಷಿಕೆಯನ್ನು ಅರಿವಿಲ್ಲದೆಯೇ ಕೊಟ್ಟುಬಿಡುತ್ತಾಳೆ. ಎಷ್ಟು ಗೆದ್ದರೆ ಒಪ್ಪುವುದೆಂಬುದನ್ನೂ ಮೊದಲೇ ಬರೆದಿಡಬೇಕು.

ಪ್ರತಿ ವೀಡಿಯೊಗೂ 28 ದಿನ ತುಂಬಿದ ಮೇಲೆ ಜೋಡಿಯಲ್ಲಿ ಗೆದ್ದದ್ದು ಯಾವುದೆಂದು ಮಾತ್ರ ಗುರುತಿಸಬೇಕು. ಎಷ್ಟು ಅಂತರದಿಂದ ಎಂಬುದು ಬೇಡ. ಆಗ ಒಂದು ಪರ್ವತ ಇಡೀ ಲೆಕ್ಕವನ್ನು ಕೆಡಿಸಲಾರದು. ಶೀರ್ಷಿಕೆಗೆ ಯಾವ ಶಕ್ತಿಯೂ ಇಲ್ಲದಿದ್ದರೂ ಹತ್ತರಲ್ಲಿ ಆರು ಅಥವಾ ಹೆಚ್ಚು ಜೋಡಿಗಳನ್ನು ಅದು ಬರಿಯ ಅದೃಷ್ಟದಿಂದ ಗೆಲ್ಲುವ ಸಂಭವ ನೂರಕ್ಕೆ 38. ಏಳು ಅಥವಾ ಹೆಚ್ಚಾದರೆ 17. ಎಂಟು ಅಥವಾ ಹೆಚ್ಚಾದರೆ ಸುಮಾರು 5. ಒಂಬತ್ತು ಅಥವಾ ಹತ್ತಾದರೆ ನೂರಕ್ಕೆ 1. ಆದ್ದರಿಂದ ಒಂಬತ್ತು ಗೆದ್ದರೆ ನಂಬಬಹುದು. ಆರು ಗೆದ್ದರೆ ನಂಬಲು ಕಾರಣವಿಲ್ಲ.

ಈ ಪರೀಕ್ಷೆಗೂ ಮಿತಿಯಿದೆ. ಹತ್ತು ಜೋಡಿಗಳು ದೊಡ್ಡ ಅಂತರವನ್ನು ಮಾತ್ರ ಹಿಡಿಯಬಲ್ಲವು. ಶೀರ್ಷಿಕೆಯಿಂದ ವೀಕ್ಷಣೆ ನೂರಕ್ಕೆ ಹತ್ತರಷ್ಟು ಮಾತ್ರ ಹೆಚ್ಚುವುದಾದರೆ, ವಾರದಿಂದ ವಾರಕ್ಕೆ ಆಗುವ ಏರಿಳಿತದಲ್ಲಿ ಅದು ಮುಳುಗಿಹೋಗುತ್ತದೆ. ಆದರೆ ಅಷ್ಟು ಸಣ್ಣ ಲಾಭಕ್ಕಾಗಿ ಯಾರೂ ಕೆಲಸವನ್ನು ಬಿಡಬೇಕಾಗಿಲ್ಲ. ಶೀರ್ಷಿಕೆಗೆ ಖರ್ಚೂ ಇಲ್ಲ, ಇಷ್ಟವಿದ್ದರೆ ಬರೆಯಬಹುದು. ಎಷ್ಟು ದೊಡ್ಡ ತೀರ್ಮಾನವೋ ಅಷ್ಟು ದೊಡ್ಡ ಪರಿಣಾಮವನ್ನು ಕಂಡ ಮೇಲೆಯೇ ಮುಂದುವರಿಯಬೇಕೆಂಬುದು ಇಲ್ಲಿಯ ವಿವೇಕ.

ನಮ್ಮ ಕಲ್ಪಿತ ಸಂಸಾರದಲ್ಲಿ 20 ವಾರಗಳು ಕಳೆದು, ಕೊನೆಯ ವೀಡಿಯೊಗೂ 28 ದಿನ ತುಂಬಿ, ಅಂಕಿಯ ಶೀರ್ಷಿಕೆ ಆರು ಜೋಡಿಗಳನ್ನು ಗೆದ್ದಿತೆಂದಿಟ್ಟುಕೊಳ್ಳೋಣ. ಮೊದಲೇ ಬರೆದಿಟ್ಟ ಒಪ್ಪಂದದಂತೆ ಅದು ಸಾಲದು. ಕ್ಯಾಮೆರಾ ಅಂಗಡಿಯಲ್ಲಿಯೇ ಉಳಿಯಿತು. ಸೊಸೆಯ ಕೆಲಸವೂ ಉಳಿಯಿತು. ಪಟ್ಟಿಯನ್ನು ಇಡಿಯಾಗಿ ನೋಡಿದ್ದರಿಂದ ಇನ್ನೊಂದು ಸಂಗತಿಯೂ ಅವರಿಗೆ ಕಂಡಿತು: ಅಡಿಗೆಯ ಕಾಲಕ್ಕೆ ಎರಡು ವಾರ ಮುಂಚಿತವಾಗಿ ಏರಿಸಿದವು ಮೇಲಿನ ಅರ್ಧದಲ್ಲಿ ಹೆಚ್ಚಾಗಿದ್ದವು. ಅದೂ ಸದ್ಯಕ್ಕೆ ಪ್ರಶ್ನೆಯೇ, ಉತ್ತರವಲ್ಲ. ಮುಂದಿನ ಹತ್ತು ಜೋಡಿಗಳಿಗೆ ಅದನ್ನೇ ಇಟ್ಟುಕೊಳ್ಳುವುದೆಂದು ಸೊಸೆ ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿದಳು. ಅತ್ತೆ ನಾಣ್ಯವನ್ನು ಸಾಸುವೆಯ ಡಬ್ಬಿಯೊಳಗೆ ಜೋಪಾನವಾಗಿ ಹಾಕಿಟ್ಟರು.